ಮಾವಿನ ಕಪ್ಪು ಚುಕ್ಕೆ ಮತ್ತು ಹೂ ಕರಕಲು: ಫೋಟೊದಲ್ಲಿ ಚಿಬ್ಬು ರೋಗವನ್ನು ಓದುವ ಬಗೆ

ಮಾವಿನ ಕಾಲ ಬಂತೆಂದರೆ ನನ್ನ ಫೋನಿಗೆ ಬರುವ ಚಿತ್ರಗಳಲ್ಲಿ ಹೆಚ್ಚಿನವು ಒಂದೇ ಬಗೆಯವು. ಅಂಗೈಯಲ್ಲಿ ಹಿಡಿದ ಒಂದು ಹಣ್ಣು, ಅದರ ಮೇಲೆ ಕಪ್ಪು ಕಲೆ, ಕೆಳಗೆ ‘ಇದಕ್ಕೆ ಏನು ಹೊಡೆಯಬೇಕು?’ ಎಂಬ ಒಂದು ಸಾಲು. ಉತ್ತರ ಕೊಡುವುದು ಸುಲಭವೆಂದು ಕಾಣುತ್ತದೆ, ಏಕೆಂದರೆ ಮಾವಿನ ಹಣ್ಣಿನ ಮೇಲೆ ಕಪ್ಪು ಕಲೆ ಎಂದರೆ ಚಿಬ್ಬು ರೋಗ, ಅಂದರೆ ಆಂಥ್ರಾಕ್ನೋಸ್, ಎಂದು ಹೇಳಿಬಿಡುವುದು ರೂಢಿಯಾಗಿದೆ. ಆದರೆ ಸೊನೆ ಬಿದ್ದ ಸುಟ್ಟ ಕಲೆ, ದುಂಡಾಣುವಿನಿಂದ ಬರುವ ಕಪ್ಪು ಚುಕ್ಕೆ, ತೊಟ್ಟು ಕೊಳೆ, ಜಿಗಿ ಹುಳುವಿನ ಅಂಟಿನ ಮೇಲೆ ಬೆಳೆದ ಕಪ್ಪು ಬೂಷ್ಟು ಇವೆಲ್ಲವೂ ಫೋಟೊದಲ್ಲಿ ಕಪ್ಪಾಗಿಯೇ ಕಾಣುತ್ತವೆ, ಮತ್ತು ಇವುಗಳಲ್ಲಿ ಒಂದಕ್ಕೆ ಮಾಡುವ ಉಪಚಾರ ಇನ್ನೊಂದಕ್ಕೆ ಸಲ್ಲುವುದಿಲ್ಲ. ಹಾಗಾಗಿ ಚಿತ್ರವನ್ನು ತೆಗೆಯುವುದರಿಂದ ಹಿಡಿದು ಅದನ್ನು ಓದಿ ತೀರ್ಮಾನಕ್ಕೆ ಬರುವವರೆಗೆ ನಾನು ಅನುಸರಿಸುವ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ರೋಗದ ಒಂದು ಗುಣವನ್ನು ತಿಳಿದಿರಬೇಕು, ಏಕೆಂದರೆ ಮುಂದಿನದೆಲ್ಲ ಅದರ ಮೇಲೆಯೇ ನಿಂತಿದೆ. ಚಿಬ್ಬು ರೋಗವನ್ನು ತರುವುದು ಕೊಲೆಟೊಟ್ರೈಕಮ್ ಎಂಬ ಕುಲದ ಶಿಲೀಂಧ್ರ. ಇದು ಒಣಗಿದ ಕಡ್ಡಿ, ಹಳೆಯ ರೋಗದ ಎಲೆ, ಗೊಂಚಲಲ್ಲೇ ಒಣಗಿ ಉಳಿದ ಹೀಚುಗಳಲ್ಲಿ ಬದುಕಿಕೊಂಡಿದ್ದು, ಮಳೆಹನಿ ಅಥವಾ ದಟ್ಟ ಇಬ್ಬನಿಯ ನೀರಿನೊಂದಿಗೆ ಕೆಳಗಿನ ಎಲೆ, ಹೂ, ಕಾಯಿಗಳಿಗೆ ಇಳಿಯುತ್ತದೆ. ಎಳೆಯ ಕಾಯಿಯ ಮೇಲೆ ಬಿದ್ದ ಬೀಜಕಣ ಮೊಳೆತು ಸಿಪ್ಪೆಯ ಹೊರಪದರವನ್ನು ಕೊರೆದು ಒಳಗೆ ಕುಳಿತುಕೊಳ್ಳುತ್ತದೆ, ಆದರೆ ಹಸಿಗಾಯಿಯ ಸಿಪ್ಪೆಯಲ್ಲಿರುವ ಶಿಲೀಂಧ್ರ ನಿರೋಧಕ ವಸ್ತುಗಳು ಅದನ್ನು ಮುಂದೆ ಬೆಳೆಯಲು ಬಿಡುವುದಿಲ್ಲ. ಕಾಯಿ ಹಣ್ಣಾಗುತ್ತಾ ಬಂದಂತೆ ಆ ವಸ್ತುಗಳು ಕಡಿಮೆಯಾಗುತ್ತವೆ, ತಿಂಗಳುಗಟ್ಟಲೆ ಸುಮ್ಮನಿದ್ದ ಶಿಲೀಂಧ್ರ ಆಗ ಎಚ್ಚರಗೊಳ್ಳುತ್ತದೆ. ಮರದಲ್ಲಿ ಚೆಂದವಾಗಿದ್ದ ಕಾಯಿ ಅಡೆ ಹಾಕಿದ ಐದಾರು ದಿನಕ್ಕೆ ಕಪ್ಪಾಗುವುದರ ಹಿಂದಿನ ಕಾರಣ ಇದೇ. ಆದ್ದರಿಂದ ಹಣ್ಣಿನ ಫೋಟೊ ಎದುರಿಗೆ ಬಂದಾಗ ಕೇಳಬೇಕಾದ ಮೊದಲ ಪ್ರಶ್ನೆ ‘ಇದು ಏನು?’ ಎಂಬುದಲ್ಲ, ‘ಇದು ಯಾವಾಗ ಕಾಣಿಸಿಕೊಂಡಿತು?’ ಎಂಬುದು.

ಫೋಟೊ ತೆಗೆಯುವಾಗ

ಒಂದು ಫೋಟೊದಿಂದ ರೋಗ ತಿಳಿಯುವುದು ಅಪರೂಪ, ನಾಲ್ಕು ಇದ್ದರೆ ಬಹುಮಟ್ಟಿಗೆ ತಿಳಿಯುತ್ತದೆ. ಮೊದಲನೆಯದು ಇಡೀ ಮರ ಕಾಣುವಂತೆ, ಕೊಂಬೆಗಳು ಎಷ್ಟು ಒತ್ತಾಗಿವೆ, ಒಣ ಕಡ್ಡಿ ಎಷ್ಟಿದೆ, ಹಾನಿ ಕೆಳಗಿನ ಕೊಂಬೆಗಳಲ್ಲೋ ತುದಿಯಲ್ಲೋ ಎಂಬುದು ಗೊತ್ತಾಗುವ ಹಾಗೆ ಇರಬೇಕು. ಎರಡನೆಯದು ಒಂದು ಪೂರ್ತಿ ಹೂಗೊಂಚಲು ಅಥವಾ ಒಂದು ಪೂರ್ತಿ ಹಣ್ಣು, ತೊಟ್ಟಿನಿಂದ ತುದಿಯವರೆಗೆ. ತೊಟ್ಟನ್ನು ಬೆರಳಿನಿಂದ ಮುಚ್ಚಿ ತೆಗೆದ ಚಿತ್ರಗಳು ನನಗೆ ಬಂದಷ್ಟು ಬಹುಶಃ ಬೇರೆ ಯಾವ ತಪ್ಪೂ ಬಂದಿಲ್ಲ, ಕಪ್ಪು ಬಣ್ಣ ತೊಟ್ಟಿನಿಂದ ಶುರುವಾಗಿದೆಯೇ ಇಲ್ಲವೇ ಎಂಬುದೇ ನಿರ್ಣಾಯಕವಾದ ಸಂದರ್ಭದಲ್ಲಿ ಆ ಚಿತ್ರದಿಂದ ಏನೂ ಹೇಳಲಾಗುವುದಿಲ್ಲ. ಮೂರನೆಯದು ಕಲೆಯ ಹತ್ತಿರದ ಚಿತ್ರ, ಪಕ್ಕದಲ್ಲಿ ಅಳತೆಪಟ್ಟಿಯೋ ಒಂದು ರೂಪಾಯಿ ನಾಣ್ಯವೋ ಇರಲಿ. ನಾಲ್ಕನೆಯದು ಅದೇ ಮರದ ಎಲೆ, ಮೇಲ್ಭಾಗವೂ ಕೆಳಭಾಗವೂ.

ಬೆಳಕು ಮುಖ್ಯ. ನೇರ ಬಿಸಿಲಿನಲ್ಲಿ ಹಣ್ಣಿನ ಸಿಪ್ಪೆ ಹೊಳೆದು ಕಲೆಯ ಅಂಚು ಕಳೆದುಹೋಗುತ್ತದೆ, ಫ್ಲ್ಯಾಶ್ ಹಾಕಿದರೆ ಬೂದಿ ರೋಗದ ಬಿಳಿ ಪುಡಿಯೇ ಕಾಣುವುದಿಲ್ಲ. ಬೆಳಿಗ್ಗೆಯ ನೆರಳಿನಲ್ಲಿ ಹಣ್ಣನ್ನು ಕಿಟಕಿಯ ಬಳಿ ಇಟ್ಟು, ಬೆಳಕು ಒಂದು ಪಕ್ಕದಿಂದ ಬೀಳುವಂತೆ ನೋಡಿಕೊಂಡರೆ ಕಲೆ ತಗ್ಗಾಗಿದೆಯೇ ಉಬ್ಬಿದೆಯೇ ಎಂಬುದು ಅದರ ನೆರಳಿನಿಂದಲೇ ತಿಳಿಯುತ್ತದೆ, ಮತ್ತು ಈ ರೋಗಗಳಲ್ಲಿ ಅದು ದೊಡ್ಡ ಸುಳಿವು. ಫೋನನ್ನು ತೀರಾ ಹತ್ತಿರ ಹಿಡಿದರೆ ಚಿತ್ರ ಮಸುಕಾಗುತ್ತದೆ, ಆದ್ದರಿಂದ ಒಂದು ಗೇಣು ದೂರದಿಂದ ತೆಗೆದು ಆಮೇಲೆ ಹಿಗ್ಗಿಸಿ ನೋಡುವುದು ಉತ್ತಮ. ಹಣ್ಣು ಒದ್ದೆಯಾಗಿದ್ದರೆ ಒರೆಸಿ ಒಣಗಿದ ಮೇಲೆ ತೆಗೆಯಬೇಕು, ನೀರಿನ ಪಸೆ ಇರುವ ಜಾಗವೂ ಚಿತ್ರದಲ್ಲಿ ರೋಗದ ಕಲೆಯಂತೆಯೇ ಕಪ್ಪಾಗಿ ಕಾಣುತ್ತದೆ. ವಾಟ್ಸಾಪ್‌ನಲ್ಲಿ ಕಳುಹಿಸುವಾಗ ಫೋಟೊ ಎಂದು ಕಳುಹಿಸದೆ ಡಾಕ್ಯುಮೆಂಟ್ ಆಗಿ ಕಳುಹಿಸಿದರೆ ಸೂಕ್ಷ್ಮ ವಿವರಗಳು ಉಳಿಯುತ್ತವೆ.

ಹೂಗೊಂಚಲಿನ ಚಿತ್ರವನ್ನು ಓದುವುದು

ಹೂಗೊಂಚಲಿನ ಫೋಟೊ ಬಂದಾಗ ಕಣ್ಣು ತಾನಾಗಿಯೇ ಹೂಗಳ ಮೇಲೆ ಹೋಗುತ್ತದೆ, ಆದರೆ ಮೊದಲು ನೋಡಬೇಕಾದದ್ದು ಗೊಂಚಲಿನ ದಂಟನ್ನು. ಚಿಬ್ಬು ರೋಗವಾದರೆ ದಂಟು ಮತ್ತು ಅದರ ಕವಲುಗಳ ಮೇಲೆ ಸೂಜಿಮೊನೆಯಷ್ಟು ಕಪ್ಪು ಚುಕ್ಕೆಗಳು ಕಾಣುತ್ತವೆ, ಅವು ದಂಟಿನ ಉದ್ದಕ್ಕೆ ಎಳೆದಂತೆ ಬೆಳೆದು ಒಂದನ್ನೊಂದು ಕೂಡಿಕೊಳ್ಳುತ್ತವೆ. ಚುಕ್ಕೆ ದಂಟನ್ನು ಸುತ್ತುವರಿದ ಮೇಲೆ ಅಲ್ಲಿಂದ ತುದಿಯವರೆಗಿನ ಹೂಗಳು ಕಪ್ಪಾಗಿ, ಬೆಂಕಿ ತಾಗಿದ ಹಾಗೆ ಕರಕಲಾಗಿ ಸಾಯುತ್ತವೆ. ಒಂದೇ ಗೊಂಚಲಿನಲ್ಲಿ ಕೆಲವು ಕವಲು ಕರಕಲು, ಕೆಲವು ಹಸಿರು ಎಂಬ ಮಿಶ್ರಣ ಸಾಮಾನ್ಯ.

ಬೂದಿ ರೋಗದಲ್ಲಿ ಬಣ್ಣ ಬೇರೆ. ದಂಟು, ಮೊಗ್ಗು, ಎಳೆ ಹೀಚುಗಳ ಮೇಲೆ ಹಿಟ್ಟು ಉದುರಿಸಿದಂತೆ ಬಿಳಿಯ ಪುಡಿ ಇರುತ್ತದೆ, ಅದು ಹಗಲು ಒಣಹವೆ, ರಾತ್ರಿ ತಂಪು ಇರುವ ದಿನಗಳಲ್ಲಿ ಹೆಚ್ಚುತ್ತದೆ. ತೊಡಕು ಬರುವುದು ಬೂದಿ ರೋಗ ಹಳತಾದಾಗ, ಬಿಳಿ ಪುಡಿ ಹೋಗಿ ಸತ್ತ ಹೂಗಳು ಕಂದು ಬಣ್ಣಕ್ಕೆ ತಿರುಗಿ ಫೋಟೊದಲ್ಲಿ ಚಿಬ್ಬು ರೋಗದಂತೆಯೇ ಕಾಣುತ್ತವೆ. ಆಗ ದಂಟಿನ ಮೇಲೆ ಪ್ರತ್ಯೇಕ ಕಪ್ಪು ಚುಕ್ಕೆಗಳಿವೆಯೇ ಎಂದು ಹುಡುಕಬೇಕು, ಇಲ್ಲದಿದ್ದರೆ ಇದು ಚಿಬ್ಬು ಎಂದು ಬರೆಯಲು ನಾನು ಹಿಂಜರಿಯುತ್ತೇನೆ.

ಜಿಗಿ ಹುಳು ಇನ್ನೂ ಹೆಚ್ಚು ಮೋಸ ಮಾಡುತ್ತದೆ. ಅದು ಸ್ರವಿಸುವ ಸಿಹಿ ಅಂಟಿನ ಮೇಲೆ ಕಪ್ಪು ಬೂಷ್ಟು ಬೆಳೆದು ಗೊಂಚಲೂ ಅದರ ಕೆಳಗಿನ ಎಲೆಗಳೂ ಮಸಿ ಬಳಿದಂತೆ ಆಗುತ್ತವೆ. ಇದನ್ನು ತಿಳಿಯಲು ಒದ್ದೆ ಬಟ್ಟೆಯಿಂದ ಒಂದು ಎಲೆಯನ್ನು ಅರ್ಧ ಮಾತ್ರ ಒರೆಸಿ ಫೋಟೊ ತೆಗೆದರೆ ಸಾಕು. ಒರೆಸಿದ ಅರ್ಧ ಹಸಿರಾಗಿ ಹೊರಬಂದರೆ ಅದು ಬೂಷ್ಟು, ಕಪ್ಪು ಹಾಗೆಯೇ ಉಳಿದರೆ ರೋಗ ಎಲೆಯೊಳಗಿದೆ. ಎರಡೂ ಒಟ್ಟಿಗೆ ಇರುವುದೂ ಉಂಟು, ಹಾಗಾಗಿ ಒರೆಸಿದ ಮೇಲೆ ಉಳಿದ ಚುಕ್ಕೆಗಳನ್ನು ಮತ್ತೆ ನೋಡಬೇಕು.

ಹೂ ಉದುರಿತೆಂದ ಮಾತ್ರಕ್ಕೆ ರೋಗವಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಒಂದು ಗೊಂಚಲಿನಲ್ಲಿ ನೂರಾರು, ಕೆಲವೊಮ್ಮೆ ಸಾವಿರಾರು ಹೂ ಇದ್ದರೂ ಕೊನೆಗೆ ನಿಲ್ಲುವುದು ಒಂದೆರಡು ಕಾಯಿ. ಹೂ ಉದುರಿ ಬರಿದಾದ, ಆದರೆ ಹಸಿರಾಗಿ ನುಣುಪಾಗಿರುವ ದಂಟಿನ ಚಿತ್ರ ಬಂದರೆ ನಾನು ಔಷಧಿಯ ಮಾತನ್ನೇ ಎತ್ತುವುದಿಲ್ಲ.

ಹಣ್ಣಿನ ಚಿತ್ರವನ್ನು ಓದುವುದು

ಹಣ್ಣಿನ ಮೇಲಿನ ಚಿಬ್ಬು ಕಲೆ ಸಣ್ಣ ಕಂದು ಚುಕ್ಕೆಯಾಗಿ ಶುರುವಾಗಿ ಕಪ್ಪಾಗುತ್ತದೆ, ಸ್ವಲ್ಪ ತಗ್ಗಾಗಿರುತ್ತದೆ, ಹಣ್ಣಿನ ಯಾವ ಭಾಗದಲ್ಲಾದರೂ ಬರುತ್ತದೆ, ಮತ್ತು ದಿನದಿಂದ ದಿನಕ್ಕೆ ಹರಡಿ ಪಕ್ಕದ ಕಲೆಯೊಂದಿಗೆ ಕೂಡಿಕೊಳ್ಳುತ್ತದೆ. ಮೊದಲಿಗೆ ಸಿಪ್ಪೆಯಲ್ಲಷ್ಟೇ ಇದ್ದು ಆಮೇಲೆ ತಿರುಳಿಗಿಳಿಯುತ್ತದೆ. ಇನ್ನೊಂದು ಬಗೆಯಲ್ಲಿ, ಮೇಲಿನ ರೋಗದ ಕಡ್ಡಿಯಿಂದ ಇಳಿದ ನೀರು ತೊಟ್ಟಿನಿಂದ ಕೆಳಕ್ಕೆ ಹರಿದ ದಾರಿಯಲ್ಲೇ ಚುಕ್ಕೆಗಳು ಸಾಲಾಗಿ ಬರುತ್ತವೆ, ನೋಡಲು ಕಣ್ಣೀರು ಇಳಿದ ಗುರುತಿನಂತಿರುತ್ತದೆ.

ಈ ಸಾಲಿನ ಗುರುತೇ ಸೊನೆಯ ಕಲೆಯೊಂದಿಗೆ ಗೊಂದಲ ಹುಟ್ಟಿಸುತ್ತದೆ. ಕೊಯ್ಯುವಾಗ ತೊಟ್ಟು ಮುರಿದು ಚಿಮ್ಮಿದ ಸೊನೆ ಸಿಪ್ಪೆಯ ಮೇಲೆ ಹರಿದರೆ ಅದೂ ತೊಟ್ಟಿನಿಂದಲೇ ಕೆಳಕ್ಕೆ ಇಳಿದ ಕಪ್ಪು ಗೆರೆಯಾಗುತ್ತದೆ. ವ್ಯತ್ಯಾಸ ಇಷ್ಟು: ಸೊನೆಯ ಕಲೆ ಕೊಯ್ದ ಒಂದೆರಡು ದಿನದಲ್ಲೇ ಕಾಣುತ್ತದೆ, ಬಣ್ಣ ಹಚ್ಚಿದಂತೆ ಒಂದೇ ಸಮನಾಗಿರುತ್ತದೆ, ಆಮೇಲೆ ಬೆಳೆಯುವುದಿಲ್ಲ. ಚಿಬ್ಬು ಬೆಳೆಯುತ್ತದೆ. ಇದನ್ನು ಫೋಟೊದಲ್ಲಿ ಸಾಬೀತು ಮಾಡಲು ನಾನು ಹೇಳುವ ಉಪಾಯ ಬಾಲ್‌ಪೆನ್ನಿನದು. ಕಲೆಯ ಅಂಚಿನ ಸುತ್ತ ತೆಳ್ಳಗೆ ಗೆರೆ ಎಳೆದು, ದಿನಾಂಕ ಬರೆದ ಚೀಟಿಯನ್ನು ಪಕ್ಕದಲ್ಲಿಟ್ಟು ಒಂದು ಫೋಟೊ, 48 ಗಂಟೆಯ ನಂತರ ಅದೇ ಕೋನದಿಂದ ಇನ್ನೊಂದು. ಕಪ್ಪು ಬಣ್ಣ ಗೆರೆಯನ್ನು ದಾಟಿ ಹೊರಗೆ ಬಂದಿದ್ದರೆ ಒಳಗೆ ಜೀವ ಇದೆ, ಗೆರೆಯೊಳಗೇ ಇದ್ದರೆ ಅದು ಸೊನೆಯೋ ತರಚಿದ ಗಾಯವೋ ಆಗಿರುತ್ತದೆ.

ತೊಟ್ಟು ಕೊಳೆ ಬೇರೆ ಶಿಲೀಂಧ್ರದ ಕೆಲಸ. ಅದು ಚುಕ್ಕೆಯಾಗಿ ಬರುವುದಿಲ್ಲ. ತೊಟ್ಟಿನ ಸುತ್ತ ಕಂದು ಉಂಗುರದಂತೆ ಶುರುವಾಗಿ, ಮೆತ್ತಗೆ ನೀರಾಡುತ್ತಾ ಎರಡು ಮೂರು ದಿನದಲ್ಲಿ ಅರ್ಧ ಹಣ್ಣನ್ನು ನುಂಗುತ್ತದೆ.

ದುಂಡಾಣುವಿನ ಕಪ್ಪು ಚುಕ್ಕೆಯ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ನಾನೇ ಒಮ್ಮೆ ಇದನ್ನು ಚಿಬ್ಬು ಎಂದು ಹೇಳಿ, ಫೋಟೊ ಕಳುಹಿಸಿದ ಬೆಳೆಗಾರರು ಎರಡು ಬಾರಿ ಶಿಲೀಂಧ್ರನಾಶಕ ಸಿಂಪಡಿಸಿ ಏನೂ ಪ್ರಯೋಜನವಾಗದೆ ಮತ್ತೆ ಫೋನ್ ಮಾಡಿದ್ದರು. ಆ ಫೋಟೊವನ್ನು ಆಮೇಲೆ ತೆಗೆದು ನೋಡಿದಾಗ ಉತ್ತರ ಅದರಲ್ಲೇ ಇತ್ತು: ಕಾಯಿ ಇನ್ನೂ ಪೂರಾ ಹಸಿರಾಗಿ ಮರದಲ್ಲೇ ನೇತಾಡುತ್ತಿತ್ತು. ಬಲಿತ ಹಸಿಗಾಯಿಯ ಮೇಲೆ ದೊಡ್ಡ ಕಪ್ಪು ಕಲೆಗಳಿದ್ದರೆ ಚಿಬ್ಬು ರೋಗಕ್ಕಿಂತ ದುಂಡಾಣುವನ್ನೇ ಮೊದಲು ಅನುಮಾನಿಸಬೇಕು. ಅದರ ಕಲೆ ತಗ್ಗಾಗಿರುವುದಿಲ್ಲ, ಉಬ್ಬಿರುತ್ತದೆ, ನಡುವೆ ನಕ್ಷತ್ರದಂತೆ ಸೀಳುತ್ತದೆ, ಸೀಳಿನಿಂದ ಅಂಟು ಒಸರುತ್ತದೆ. ಎಲೆಯ ಫೋಟೊ ಇದ್ದರೆ ಅನುಮಾನ ತೀರುತ್ತದೆ, ದುಂಡಾಣುವಿನ ಚುಕ್ಕೆಗಳು ಎಲೆಯ ನರಗಳ ನಡುವೆ ಸಿಕ್ಕಿಕೊಂಡು ಕೋನಕೋನವಾಗಿ, ಮುಟ್ಟಿದರೆ ಉಬ್ಬು ಸಿಗುವಂತೆ, ಸುತ್ತ ಹಳದಿ ಅಂಚಿನೊಂದಿಗೆ ಇರುತ್ತವೆ. ಚಿಬ್ಬಿನ ಕಲೆಗಳು ಎಲೆಯ ಮೇಲೆ ಕಂದು ಬಣ್ಣದಲ್ಲಿ ಹರಡಿ, ನಡುಭಾಗ ಒಣಗಿ ಉದುರಿ ತೂತಾಗುತ್ತವೆ. ನಾಲ್ಕನೆಯ ಫೋಟೊ ಎಲೆಯದಾಗಿರಲಿ ಎಂದು ಮೇಲೆ ಹೇಳಿದ್ದು ಇದಕ್ಕಾಗಿಯೇ.

ಇನ್ನು ಸಿಪ್ಪೆಯ ಉಸಿರುರಂಧ್ರಗಳ ಸುತ್ತ ಬರುವ, ಹಣ್ಣಿನ ತುಂಬ ಒಂದೇ ಅಂತರದಲ್ಲಿ ಹರಡಿದ ಸಣ್ಣ ಚುಕ್ಕೆಗಳು ರೋಗವಲ್ಲ. ಅವು ತಗ್ಗಾಗುವುದೂ ಇಲ್ಲ, ಕೂಡಿಕೊಳ್ಳುವುದೂ ಇಲ್ಲ.

ಒಂದು ತೋಟದ ಐದು ಚಿತ್ರಗಳು

ಶ್ರೀನಿವಾಸಪುರದ ಕಡೆಯ ಬಾದಾಮಿ ಮಾವಿನ ಬೆಳೆಗಾರರೊಬ್ಬರು ಮೇ ಕೊನೆಯಲ್ಲಿ ಮೊದಲು ಕಳುಹಿಸಿದ್ದು ಕ್ರೇಟಿನಲ್ಲಿದ್ದ ಹಳದಿ ಹಣ್ಣುಗಳ ಚಿತ್ರ. ಏಳೆಂಟು ಹಣ್ಣುಗಳ ಮೇಲೆ ಕಪ್ಪು ಕಲೆ, ಎರಡರ ಮೇಲೆ ತೊಟ್ಟಿನಿಂದ ಇಳಿದ ಸಾಲು. ‘ಸಾರ್, ಕೊಯ್ಯುವಾಗ ಒಂದು ಚುಕ್ಕೆಯೂ ಇರಲಿಲ್ಲ, ಅಡೆ ಹಾಕಿದ ಕಡೆಯೇ ಏನೋ ಆಗಿದೆ’ ಎಂದರು. ಕೊಯ್ದು ಆರು ದಿನವಾಗಿತ್ತು. ಕೊಯ್ಯುವಾಗ ಇಲ್ಲದೆ ಹಣ್ಣಾಗುವಾಗ ಬಂದದ್ದೆಂದರೆ ಚಿಬ್ಬಿನ ಕಡೆಗೇ ಬೆರಳು ಹೋಗುತ್ತದೆ, ಆದರೂ ಆ ಎರಡು ಸಾಲಿನ ಗುರುತುಗಳ ಬಗ್ಗೆ ನನಗೆ ಖಾತ್ರಿಯಿರಲಿಲ್ಲ. ಅವುಗಳಿಗೆ ಪೆನ್ನಿನ ಗೆರೆ ಎಳೆಯಲು ಹೇಳಿದೆ. ಎರಡು ದಿನದ ನಂತರದ ಫೋಟೊಗಳಲ್ಲಿ ಒಂದು ಹಣ್ಣಿನ ಕಲೆ ಪೆನ್ನಿನ ಗೆರೆಯನ್ನು ದಾಟಿ ಬೆರಳಿನಷ್ಟು ಅಗಲವಾಗಿತ್ತು, ಇನ್ನೊಂದರದು ಕದಲಿರಲಿಲ್ಲ. ಒಂದು ಚಿಬ್ಬು, ಇನ್ನೊಂದು ಸೊನೆ. ಒಂದೇ ಕ್ರೇಟು, ಒಂದೇ ಮರದ ಹಣ್ಣು.

ಖಚಿತಪಡಿಸಲು ಡಬ್ಬಿಯ ಪರೀಕ್ಷೆಯನ್ನೂ ಮಾಡಿಸಿದೆ. ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯ ತಳಕ್ಕೆ ಒದ್ದೆ ಮಾಡಿ ಹಿಂಡಿದ ಕಾಗದ ಹಾಸಿ, ಅದರ ಮೇಲೆ ಎರಡು ಕಡ್ಡಿ ಇಟ್ಟು, ಕಲೆ ಹೊಸದಾಗಿರುವ ಸಿಪ್ಪೆಯ ತುಂಡನ್ನು ನೀರಿಗೆ ತಾಗದಂತೆ ಕಡ್ಡಿಗಳ ಮೇಲಿಟ್ಟು, ಮುಚ್ಚಿ, ನೆರಳಿನಲ್ಲಿ ಎರಡು ಮೂರು ದಿನ ಬಿಡಬೇಕು. ಮೂರನೆಯ ದಿನದ ಫೋಟೊದಲ್ಲಿ ಕಪ್ಪು ಕಲೆಯ ಮೇಲೆ ಗುಲಾಬಿ ಬೆರೆತ ಕಿತ್ತಳೆ ಬಣ್ಣದ, ಸಾಸಿವೆಗಿಂತ ಚಿಕ್ಕದಾದ ಜಿಗುಟು ಹನಿಗಳು ಎದ್ದಿದ್ದವು. ಅದು ಚಿಬ್ಬು ಶಿಲೀಂಧ್ರದ ಬೀಜಕಣಗಳ ರಾಶಿ, ಮೈಕ್ರೊಸ್ಕೋಪ್ ಇಲ್ಲದೆ ಸಿಗಬಹುದಾದ ಅತಿ ಗಟ್ಟಿ ಸಾಕ್ಷಿ. ಹತ್ತಿಯಂತಹ ಬೂದು ಬಣ್ಣದ ಬೂಷ್ಟು ಮಾತ್ರ ಬಂದಿದ್ದರೆ ಅದನ್ನು ಸಾಕ್ಷಿಯಾಗಿ ಹಿಡಿಯುವಂತಿರಲಿಲ್ಲ, ಕೊಳೆಯುವ ಸಿಪ್ಪೆಯ ಮೇಲೆ ಏನೇನೋ ಬೆಳೆಯುತ್ತದೆ.

ಆಮೇಲೆ ನಾನು ಕೇಳಿದ್ದು ಹಳೆಯ ಚಿತ್ರಗಳನ್ನು. ಫೋನಿನ ಗ್ಯಾಲರಿಯಲ್ಲಿ ಪ್ರತಿ ಫೋಟೊದ ದಿನಾಂಕ ತಾನಾಗಿಯೇ ಉಳಿದಿರುತ್ತದೆ, ಎಷ್ಟೋ ಬೆಳೆಗಾರರಿಗೆ ತಮ್ಮ ತೋಟದ ರೋಗದ ದಾಖಲೆ ತಮ್ಮ ಜೇಬಿನಲ್ಲೇ ಇದೆಯೆಂಬುದು ಗೊತ್ತಿರುವುದಿಲ್ಲ. ಇವರು ಫೆಬ್ರವರಿಯಲ್ಲಿ ಹೂ ಬಂದ ಸಂಭ್ರಮಕ್ಕೆ ತೆಗೆದ ಚಿತ್ರವೊಂದನ್ನು ಹುಡುಕಿ ಕಳುಹಿಸಿದರು. ಹಿಗ್ಗಿಸಿ ನೋಡಿದರೆ ಮುಂದಿನ ಗೊಂಚಲಿನ ದಂಟಿನ ಮೇಲೆ ಉದ್ದುದ್ದ ಕಪ್ಪು ಚುಕ್ಕೆಗಳು, ಹಿಂದಿನ ಗೊಂಚಲಿನಲ್ಲಿ ಎರಡು ಕವಲು ಕರಕಲು. ಆ ವಾರ ಎರಡು ದಿನ ತುಂತುರು ಮಳೆ, ಬೆಳಿಗ್ಗೆ ಒಂಬತ್ತರವರೆಗೆ ಮಂಜು ಇತ್ತೆಂದು ಅವರು ನೆನಪಿಸಿಕೊಂಡರು. ಕಪ್ಪಾದದ್ದನ್ನು ಜಿಗಿ ಹುಳುವಿನ ಬೂಷ್ಟು ಎಂದುಕೊಂಡು ಅವರು ಆಗ ಕೀಟನಾಶಕವನ್ನಷ್ಟೇ ಹೊಡೆದಿದ್ದರು. ಮೇ ತಿಂಗಳ ಹಣ್ಣಿನ ಕಲೆಗೆ ಅಡೆ ಹಾಕಿದ ಕಡೆ ಕಾರಣವಾಗಿರಲಿಲ್ಲ, ಸೋಂಕು ಮರದಿಂದಲೇ ಬಂದಿತ್ತು.

ಓದಿದ ಮೇಲೆ ಮಾಡುವುದು

ಹಣ್ಣಿನ ಮೇಲೆ ಕಲೆ ಬಂದ ಮೇಲೆ ಹೊಡೆಯುವ ಔಷಧಿ ಇಲ್ಲ. ಕೊಯ್ದ ದಿನವೇ, ಕಲೆ ಕಾಣುವ ಮೊದಲು, ಕಾಯಿಗಳನ್ನು ಸುಮಾರು 52 ಡಿಗ್ರಿ ಬಿಸಿನೀರಿನಲ್ಲಿ 5ರಿಂದ 10 ನಿಮಿಷ ಅದ್ದಿ, ತಣಿಸಿ, ಆರಿಸಿದರೆ ಸಿಪ್ಪೆಯಲ್ಲಿ ಕುಳಿತ ಸೋಂಕು ಬಹಳಷ್ಟು ತಗ್ಗುತ್ತದೆ. ಥರ್ಮಾಮೀಟರ್ ಇಲ್ಲದೆ ಕೈಯಿಂದ ಮುಟ್ಟಿ ನೋಡಿ ಇದನ್ನು ಮಾಡಬಾರದು, ಬಿಸಿ ಕಡಿಮೆಯಾದರೆ ಕೆಲಸ ಮಾಡುವುದಿಲ್ಲ, ಹೆಚ್ಚಾದರೆ ಸಿಪ್ಪೆ ಬೆಂದು ಹೊಸ ಕಲೆ ಬರುತ್ತದೆ. ತಳಿಯಿಂದ ತಳಿಗೆ ತಾಳಿಕೆ ಬೇರೆಯಾದ್ದರಿಂದ ಮೊದಲು ಹತ್ತು ಕಾಯಿಗಳಲ್ಲಿ ಮಾಡಿ ನೋಡಬೇಕು.

ಮುಖ್ಯ ಕೆಲಸ ಇರುವುದು ಮರದಲ್ಲಿ. ಕೊಯ್ಲು ಮುಗಿದ ಮೇಲೆ ಒಣ ಕಡ್ಡಿ, ಒಣಗಿದ ಹಳೆಯ ಗೊಂಚಲುಗಳನ್ನು ಕತ್ತರಿಸಿ ತೋಟದ ಹೊರಗೆ ಒಯ್ದು ಸುಡಬೇಕು, ಆಮೇಲೆ ಲೀಟರಿಗೆ 3 ಗ್ರಾಂ ತಾಮ್ರದ ಆಕ್ಸಿಕ್ಲೋರೈಡ್ ಸಿಂಪಡಿಸುವುದು ರೂಢಿ. ಗೊಂಚಲು ಹೊರಬಂದು ಹೂ ಅರಳುವ ಮೊದಲು ಒಮ್ಮೆ, ಹೀಚು ಬಟಾಣಿ ಗಾತ್ರಕ್ಕೆ ಬಂದಾಗ ಇನ್ನೊಮ್ಮೆ ಲೀಟರಿಗೆ 1 ಗ್ರಾಂ ಕಾರ್ಬೆಂಡಜಿಮ್‌ನಂತಹ ಶಿಲೀಂಧ್ರನಾಶಕ ಬಳಸುತ್ತಾರೆ, ಆದರೆ ಎರಡು ಸಲವೂ ಅದನ್ನೇ ಹೊಡೆದರೆ ಶಿಲೀಂಧ್ರ ಅದಕ್ಕೆ ಒಗ್ಗಿಕೊಳ್ಳುವುದರಿಂದ ಎರಡನೆಯ ಸಲ ಬೇರೆ ಗುಂಪಿನದನ್ನು ಆರಿಸಬೇಕು. ಹೂ ಪೂರ್ತಿ ಅರಳಿರುವಾಗ ಸಿಂಪಡಣೆ ಬೇಡ, ಪರಾಗ ಸಾಗಿಸುವ ನೊಣ, ಜೇನುಗಳು ಆಗಲೇ ಗೊಂಚಲಲ್ಲಿರುತ್ತವೆ. ಮಾವಿಗೆ ಬಳಸಲು ಅನುಮತಿ ಇದೆಯೇ, ಸಿಂಪಡಣೆಗೂ ಕೊಯ್ಲಿಗೂ ಎಷ್ಟು ದಿನ ಅಂತರ ಬೇಕು ಎಂಬುದನ್ನು ಡಬ್ಬಿಯ ಚೀಟಿಯಲ್ಲಿ ಓದಿಕೊಂಡೇ ಮುಂದುವರಿಯಬೇಕು.

ಫೋಟೊ ಹೇಳಲಾರದ ಸಂಗತಿ ಒಂದಿದೆ. ಒಳಗೆ ಸೋಂಕು ಹೊತ್ತ ಹಸಿಗಾಯಿಯೂ ಸೋಂಕಿಲ್ಲದ ಕಾಯಿಯೂ ಚಿತ್ರದಲ್ಲಿ ಒಂದೇ ತೆರ ಕಾಣುತ್ತವೆ. ಅದಕ್ಕಾಗಿ ಆ ಬೆಳೆಗಾರರು ಈಗ ತೋಟದ ಪೂರಾ ಕೊಯ್ಲಿಗೆ ಹತ್ತು ಹನ್ನೆರಡು ದಿನ ಮುಂಚೆಯೇ ಪ್ರತಿ ಭಾಗದಿಂದ ಹತ್ತು ಬಲಿತ ಕಾಯಿಗಳನ್ನು ಸೊನೆ ಬೀಳದಂತೆ ತೊಟ್ಟು ಬಿಟ್ಟು ಕತ್ತರಿಸಿ ತಂದು, ಹುಲ್ಲಿನಲ್ಲಿ ಹಣ್ಣು ಮಾಡಿ, ದಿನ ಬಿಟ್ಟು ದಿನ ಅದೇ ಮೇಜಿನ ಮೇಲೆ, ಅದೇ ಕಿಟಕಿಯ ಬೆಳಕಿನಲ್ಲಿ ಫೋಟೊ ತೆಗೆಯುತ್ತಾರೆ. ಹತ್ತರಲ್ಲಿ ನಾಲ್ಕಕ್ಕೆ ಕಲೆ ಬಿದ್ದ ಭಾಗದ ಕಾಯಿ ದೂರದ ಮಾರುಕಟ್ಟೆಯ ಲಾರಿ ಹತ್ತುವುದಿಲ್ಲ, ಅದನ್ನು ಹಸಿಯಾಗಿರುವಾಗಲೇ ಹತ್ತಿರದ ಮಂಡಿಗೆ ಹಾಕುತ್ತಾರೆ.